ಒಂದೇ ಉಸಿರಿನ ಭಾಷಣವನ್ನು ಐದು ನಿಮಿಷದ ಕ್ಯೂ ಶೀಟ್ ಮಾಡುವುದು ಹೇಗೆ?

ಜನವರಿ ಬಂತೆಂದರೆ ಕೊಡಗಿನಲ್ಲಿ ಭಾಷಣದ ತಿಂಗಳು. 15ಕ್ಕೆ ಸೇನಾ ದಿನ, 26ಕ್ಕೆ ಗಣರಾಜ್ಯೋತ್ಸವ, 28ಕ್ಕೆ ಫೀಲ್ಡ್ ಮಾರ್ಷಲ್ ಕಾರ್ಯಪ್ಪ ಜಯಂತಿ. ಶಾಲೆ, ಸಂಘ, ಪಂಚಾಯಿತಿ ಎಲ್ಲ ಕಡೆಯಿಂದಲೂ ಮಾಜಿ ಸೈನಿಕರಿಗೆ, ನಿವೃತ್ತ ಮೇಷ್ಟ್ರುಗಳಿಗೆ, ಹಳೆಯ ವಿದ್ಯಾರ್ಥಿಗಳಿಗೆ ಕರೆ ಹೋಗುತ್ತದೆ: "ನೀವು ಒಂದೈದು ನಿಮಿಷ ಮಾತಾಡ್ಬೇಕು." ಹೀಗೆ ಕರೆ ಬಂದವರಲ್ಲಿ ಹೆಚ್ಚಿನವರು ಎಂದೂ ಮೈಕ್ ಹಿಡಿದವರಲ್ಲ. ರಾತ್ರಿ ಕೂತು ಎರಡು ಪುಟ ಬರೆಯುತ್ತಾರೆ. ಬರೆದದ್ದು ಚೆನ್ನಾಗಿಯೇ ಇರುತ್ತದೆ, ಆದರೆ ಮೊದಲ ಪದದಿಂದ ಕೊನೆಯ ಪದದವರೆಗೆ ಒಂದೇ ಪ್ಯಾರಾ. ವೇದಿಕೆ ಹತ್ತಿದ ಮೇಲೆ ಅದೇ ಪ್ಯಾರಾ ಅವರನ್ನು ಕಟ್ಟಿಹಾಕುತ್ತದೆ.

ಶನಿವಾರಸಂತೆ ಕಡೆಯ ಒಬ್ಬ ನಿವೃತ್ತ ಸುಬೇದಾರರು ಕಾರ್ಯಪ್ಪ ಜಯಂತಿಗೆಂದು ಬರೆದುಕೊಂಡಿದ್ದ ಭಾಷಣವನ್ನೇ ಇಲ್ಲಿ ಉದಾಹರಣೆಗೆ ತೆಗೆದುಕೊಳ್ಳುತ್ತೇನೆ. ಶಾಲಾ ಮಕ್ಕಳ ಮುಂದೆ ಮಾಡಬೇಕಾದ ಭಾಷಣ, ಕೊಟ್ಟ ಅವಧಿ ಐದು ನಿಮಿಷ, ಬರೆದದ್ದು ಸುಮಾರು 430 ಪದ. ಅದು ಕ್ಯೂ ಶೀಟ್ ಆದ ಬಗೆಯನ್ನು ಒಂದೊಂದೇ ಹೆಜ್ಜೆಯಾಗಿ ನೋಡೋಣ.

## ಕ್ಯೂ ಶೀಟ್ ಅಂದರೆ ಏನು?

ಭಾಷಣದ ಪ್ರತಿ ಅಂದರೆ ಓದುವವರಿಗಾಗಿ ಬರೆದ ಬರಹ. ಕ್ಯೂ ಶೀಟ್ ಅಂದರೆ ಮಾತಾಡುವವರು ಕೈಯಲ್ಲಿ ಹಿಡಿದುಕೊಳ್ಳುವ ಹಾಳೆ. ಅದರಲ್ಲಿ ಮಾತಿನ ಜೊತೆಗೆ ಮೂರು ಸಂಗತಿ ಇರುತ್ತವೆ: ಎಲ್ಲಿ ನಿಲ್ಲಬೇಕು, ಎಷ್ಟು ಹೊತ್ತು ನಿಲ್ಲಬೇಕು, ಈ ಜಾಗಕ್ಕೆ ಬರುವಾಗ ಗಡಿಯಾರ ಎಷ್ಟು ತೋರಿಸುತ್ತಿರಬೇಕು. ಜೊತೆಗೆ "ತಲೆ ಎತ್ತಿ", "ನಿಧಾನ" ಎಂಬಂಥ ಒಂದೆರಡು ಸೂಚನೆಗಳು.

ಪ್ಯಾರಾದಿಂದ ಆಗುವ ತೊಂದರೆ ಕಣ್ಣಿನಲ್ಲಿ ಶುರುವಾಗುತ್ತದೆ. ಮಾತಾಡುವವರು ಮಕ್ಕಳ ಕಡೆ ಒಮ್ಮೆ ನೋಡಿ ಮತ್ತೆ ಹಾಳೆಗೆ ಕಣ್ಣು ಇಳಿಸಿದಾಗ, ಒತ್ತೊತ್ತಾಗಿರುವ ಇಪ್ಪತ್ತು ಸಾಲಿನಲ್ಲಿ ತಾನು ಎಲ್ಲಿದ್ದೆ ಎಂದು ಹುಡುಕಬೇಕು. ಒಂದೆರಡು ಸಲ ಸಾಲು ತಪ್ಪಿದರೆ ಸಾಕು, ಆಮೇಲೆ ಅವರು ತಲೆ ಎತ್ತುವುದೇ ಇಲ್ಲ. ತಲೆ ಎತ್ತದಿದ್ದರೆ ದನಿ ಹಾಳೆಗೆ ಬಡಿದು ಅಲ್ಲೇ ಉಳಿಯುತ್ತದೆ, ಓಟ ಜೋರಾಗುತ್ತದೆ. ಇದನ್ನು ಸಭಾಕಂಪನ ಎಂದು ಸುಮ್ಮನೆ ಹೇಳಿಬಿಡುತ್ತೇವೆ. ನನ್ನ ಪ್ರಕಾರ ಅದರಲ್ಲಿ ಅರ್ಧ ಹಾಳೆಯದೇ ತಪ್ಪು.

## ಮೊದಲು ಲೆಕ್ಕ: ಐದು ನಿಮಿಷಕ್ಕೆ ಎಷ್ಟು ಪದ?

ಸುಬೇದಾರರು ಮನೆಯಲ್ಲಿ ಕೂತು ಓದಿ ನೋಡಿದ್ದರು. ನಿಮಿಷಕ್ಕೆ ಹೆಚ್ಚುಕಡಿಮೆ 90 ಪದ ಆಗಿತ್ತು. 430 ಪದಕ್ಕೆ ಐದು ನಿಮಿಷ ತುಂಬಲು ಇನ್ನೂ ಹತ್ತು ಸೆಕೆಂಡು ಉಳಿಯುತ್ತದೆ, ಸರಿಹೋಯಿತು ಅಂದುಕೊಂಡಿದ್ದರು. ಆದರೆ ಕೂತು ಓದುವ ವೇಗ ಬೇರೆ, ನಿಂತು ಹಿಂದಿನ ಬೆಂಚಿಗೆ ಕೇಳುವಂತೆ ಹೇಳುವ ವೇಗ ಬೇರೆ. ಹಾಗಾಗಿ ಅವರನ್ನು ಜಗಲಿಯಲ್ಲಿ ನಿಲ್ಲಿಸಿ, ಅಂಗಳದ ಆಚೆ ಕಾಫಿ ಕಣದಲ್ಲಿ ಒಬ್ಬರು ನಿಂತಿದ್ದಾರೆ ಅಂದುಕೊಂಡು ಹೇಳಿಸಿದೆವು, ಫೋನಿನಲ್ಲಿ ಸ್ಟಾಪ್‌ವಾಚ್ ಇಟ್ಟು. ನಿಲುಗಡೆಗಳೂ ಸೇರಿ ನಿಮಿಷಕ್ಕೆ 65 ಪದ ಬಂತು.

ಈ ಸಂಖ್ಯೆ ಎಲ್ಲರಿಗೂ ಹೊಂದುವುದಿಲ್ಲ. ಇಂಗ್ಲಿಷ್ ಭಾಷಣಕ್ಕೆ ನಿಮಿಷಕ್ಕೆ 130 ಪದ ಎಂಬ ಲೆಕ್ಕ ಅಲ್ಲಲ್ಲಿ ಕಾಣುತ್ತದೆ, ಅದನ್ನು ಕನ್ನಡಕ್ಕೆ ತಂದರೆ ಮೋಸವಾಗುತ್ತದೆ. ನಮ್ಮಲ್ಲಿ ವಿಭಕ್ತಿ, ಪ್ರತ್ಯಯ ಎಲ್ಲ ಪದಕ್ಕೇ ಅಂಟಿಕೊಳ್ಳುತ್ತವೆ. "ಆಚರಿಸುತ್ತಿದ್ದೇವೆ" ಎಂಬುದು ಲೆಕ್ಕಕ್ಕೆ ಒಂದೇ ಪದ, ಬಾಯಿಗೆ ಏಳು ಅಕ್ಷರ. ಆದ್ದರಿಂದ ಅವರವರೇ ನಿಂತು ಒಂದು ನಿಮಿಷ ಹೇಳಿ ಎಣಿಸಿಕೊಳ್ಳುವುದೊಂದೇ ದಾರಿ.

ಇನ್ನು ಐದು ನಿಮಿಷ ಅಂದರೆ ಪೂರ್ತಿ ಐದು ನಿಮಿಷ ಅಲ್ಲ. "ವೇದಿಕೆ ಮೇಲಿರುವ ಗಣ್ಯರೇ" ಎಂಬ ಒಂದು ಸಾಲು ಅವರ ಬರಹದಲ್ಲಿತ್ತು. ಅಲ್ಲಿ ಹೋದ ಮೇಲೆ ಹೆಸರು ಹೇಳದೆ ಇರಲಾಗುವುದಿಲ್ಲ. ನಮ್ಮ ಕಡೆ ಮನೆಹೆಸರು, ಹೆಸರು, ಹುದ್ದೆ ಮೂರೂ ಸೇರಿದರೆ ಒಬ್ಬೊಬ್ಬರಿಗೆ ಐದು ಸೆಕೆಂಡು. ಏಳು ಜನ ಕೂತಿದ್ದರೆ 35 ಸೆಕೆಂಡು, "ಪ್ರೀತಿಯ ಮಕ್ಕಳೇ" ಎನ್ನುವ ಹೊತ್ತಿಗೆ 40. ಕೊನೆಯಲ್ಲಿ ಚಪ್ಪಾಳೆ, ಮೈಕ್ ಸರಿಮಾಡುವುದು, ನಿರೂಪಕರು ಹತ್ತಿರ ಬರುವುದು, ಇವಕ್ಕೆ 20 ಸೆಕೆಂಡು ಬಿಡಬೇಕು. ಉಳಿಯುವುದು ನಾಲ್ಕು ನಿಮಿಷ. ನಾಲ್ಕು ಗುಣಿಸು 65, ಅಂದರೆ 260 ಪದ.

430ರಲ್ಲಿ 170 ಪದ ಹೋಗಬೇಕು. ನಿಲುಗಡೆ ಗುರುತು ಹಾಕುವ ಮೊದಲೇ ಈ ಕತ್ತರಿ ಆಡಬೇಕು. ಇಲ್ಲದಿದ್ದರೆ ಎಷ್ಟೇ ಚೆಂದದ ಕ್ಯೂ ಶೀಟ್ ಮಾಡಿದರೂ, ಹೊತ್ತಾಯಿತೆಂದು ನಿಲುಗಡೆಗಳನ್ನೇ ನುಂಗಿ ಓಡುತ್ತಾರೆ.

## ಪ್ಯಾರಾವನ್ನು ಒಡೆಯುವುದು

ಅವರ ಬರಹದ ಒಂದು ವಾಕ್ಯ ಹೀಗಿತ್ತು:

"ಕೊಡಗಿನ ಶನಿವಾರಸಂತೆಯಲ್ಲಿ 1899ರ ಜನವರಿ 28ರಂದು ಹುಟ್ಟಿ ಮಡಿಕೇರಿಯಲ್ಲಿ ಓದಿ ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿಗೆ ಸೇರಿ ಅಲ್ಲಿಂದ ಸೈನ್ಯಕ್ಕೆ ಆಯ್ಕೆಯಾಗಿ ಹಲವು ದೇಶಗಳಲ್ಲಿ ಸೇವೆ ಸಲ್ಲಿಸಿ 1949ರ ಜನವರಿ 15ರಂದು ಬ್ರಿಟಿಷ್ ಅಧಿಕಾರಿ ಜನರಲ್ ರಾಯ್ ಬುಚರ್ ಅವರಿಂದ ಅಧಿಕಾರ ವಹಿಸಿಕೊಂಡು ಸ್ವತಂತ್ರ ಭಾರತದ ಸೈನ್ಯದ ಮೊದಲ ಭಾರತೀಯ ಮಹಾದಂಡನಾಯಕರಾದ ಫೀಲ್ಡ್ ಮಾರ್ಷಲ್ ಕೆ.ಎಂ. ಕಾರ್ಯಪ್ಪನವರ ಜನ್ಮದಿನವನ್ನು ಇಂದು ನಾವೆಲ್ಲ ಆಚರಿಸುತ್ತಿದ್ದೇವೆ."

ವ್ಯಾಕರಣದಲ್ಲಿ ತಪ್ಪಿಲ್ಲ. ಹುಟ್ಟಿ, ಓದಿ, ಸೇರಿ, ಆಯ್ಕೆಯಾಗಿ ಎಂದು ಕ್ರಿಯೆಗಳನ್ನು ಪೋಣಿಸುತ್ತ ಹೋಗುವುದು ಕನ್ನಡಕ್ಕೆ ಸಲೀಸು. ಓದುವವನಿಗೆ ಕಷ್ಟವಾಗದು, ಬೇಕಾದರೆ ಹಿಂದಕ್ಕೆ ಹೋಗಿ ನೋಡುತ್ತಾನೆ. ಕೇಳುವವನಿಗೆ ಆ ಸೌಲಭ್ಯ ಇಲ್ಲ. 44 ಪದಗಳ ಈ ವಾಕ್ಯದಲ್ಲಿ ಕಾರ್ಯಪ್ಪನವರ ಹೆಸರು ಬರುವುದು 40ನೆಯ ಪದಕ್ಕೆ. ಅಲ್ಲಿಯವರೆಗೆ ಹುಟ್ಟಿದ್ದು ಯಾರು, ಓದಿದ್ದು ಯಾರು ಎಂದು ಗೊತ್ತಿಲ್ಲದೆಯೇ ಏಳನೇ ಕ್ಲಾಸಿನ ಹುಡುಗ ಎಲ್ಲವನ್ನೂ ತಲೆಯಲ್ಲಿ ಹಿಡಿದಿಟ್ಟುಕೊಳ್ಳಬೇಕು. ಅವನು ಹಿಡಿದಿಡುವುದಿಲ್ಲ, ಪಕ್ಕದವನ ಜೊತೆ ಮಾತಿಗಿಳಿಯುತ್ತಾನೆ.

ಕ್ಯೂ ಶೀಟಿನಲ್ಲಿ ಅದೇ ಭಾಗ ಹೀಗಾಯಿತು. ಒಂದು ಗೆರೆ ಅಂದರೆ ಅರ್ಧ ಸೆಕೆಂಡು, ಎರಡು ಗೆರೆ ಒಂದು ಸೆಕೆಂಡು, ಮೂರು ಗೆರೆ ಎರಡು ಸೆಕೆಂಡು.

0:40

ಇವತ್ತು ಜನವರಿ ಇಪ್ಪತ್ತೆಂಟು. //

ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರ ಹುಟ್ಟುಹಬ್ಬ. ///

ಅವರು ಹುಟ್ಟಿದ್ದು / ನಮ್ಮ ಶನಿವಾರಸಂತೆಯಲ್ಲಿ. //

ಓದಿದ್ದು / ಮಡಿಕೇರಿಯಲ್ಲಿ, / ಆಮೇಲೆ ಮದರಾಸಿನಲ್ಲಿ. //

[ಅಲ್ಲಿಂದ ಸೈನ್ಯ. / ಹತ್ತಾರು ಊರು, ಹಲವು ದೇಶ. //]

ಸಾವಿರದ ಒಂಬೈನೂರ / ನಲವತ್ತೊಂಬತ್ತು, / ಜನವರಿ ಹದಿನೈದು. //

ಬ್ರಿಟಿಷ್ ಜನರಲ್ ರಾಯ್ ಬುಚರ್ / ಅಧಿಕಾರ ಬಿಟ್ಟುಕೊಟ್ಟರು. //

ವಹಿಸಿಕೊಂಡವರು / ಕಾರ್ಯಪ್ಪ. ///

(ತಲೆ ಎತ್ತಿ)

ಭಾರತದ ಸೈನ್ಯಕ್ಕೆ / ಮೊದಲ ಭಾರತೀಯ ಮಹಾದಂಡನಾಯಕ. ///

1:25

ಪದಗಳು 44ರಿಂದ 39ಕ್ಕೆ ಇಳಿದಿವೆ, ಅಷ್ಟೇ. ಹುಟ್ಟಿದ ಇಸವಿ ಮತ್ತು ಕಾಲೇಜಿನ ಹೆಸರು ಬಿಟ್ಟುಹೋಗಿವೆ. ಮಕ್ಕಳ ಕಿವಿಗೆ ಒಂದೇ ಕಡೆ ಎರಡು ಇಸವಿ ಬಿದ್ದರೆ ಎರಡೂ ಉಳಿಯುವುದಿಲ್ಲ ಎಂದು 1949ನ್ನು ಇಟ್ಟುಕೊಂಡು 1899ನ್ನು ಕೈಬಿಟ್ಟೆವು. ನಿಜವಾದ ಬದಲಾವಣೆ ಕ್ರಮದಲ್ಲಿದೆ: ಯಾರು ಎಂಬುದು ಮೊದಲು ಬಂತು, ಏನು ಮಾಡಿದರು ಎಂಬುದು ಆಮೇಲೆ.

ಹೊತ್ತಿನ ಲೆಕ್ಕ ಹೀಗೆ. ಈ ಭಾಗದಲ್ಲಿ ಸುಮಾರು 143 ಅಕ್ಷರಗಳಿವೆ. ಸುಬೇದಾರರು ಸೆಕೆಂಡಿಗೆ ಐದು ಅಕ್ಷರದ ವೇಗದಲ್ಲಿ ಹೇಳುತ್ತಾರೆ, ಅಂದರೆ 29 ಸೆಕೆಂಡು. ಗೆರೆಗಳನ್ನು ಕೂಡಿದರೆ 16 ಸೆಕೆಂಡಿನಷ್ಟು ಮೌನ. ಒಟ್ಟು 45. ಮೂರರಲ್ಲಿ ಒಂದು ಭಾಗಕ್ಕೂ ಹೆಚ್ಚು ಮೌನ ಎಂದರೆ ಅತಿ ಅನ್ನಿಸಬಹುದು. ಇಡೀ ಭಾಷಣ ಹೀಗಿರಬೇಕಿಲ್ಲ, ಆದರೆ ಶುರುವಿನ ಭಾಗಕ್ಕೆ ಇದು ಬೇಕು. ಚಾವಣಿಗೆ ಶೀಟ್ ಹೊದಿಸಿದ ಸಭಾಂಗಣದಲ್ಲಿ ದನಿ ಮರಳಿ ಬಡಿಯುತ್ತದೆ, ಕೇಳುವವರಿಗೆ ಆ ದನಿಗೆ ಕಿವಿ ಹೊಂದಿಸಿಕೊಳ್ಳಲು ಅಷ್ಟು ಹೊತ್ತು ಹಿಡಿಯುತ್ತದೆ.

ಇಸವಿಯನ್ನು ಅಂಕಿಯಲ್ಲಿ ಬರೆಯದೆ ಅಕ್ಷರದಲ್ಲಿ ಬರೆದದ್ದಕ್ಕೂ ಕಾರಣವಿದೆ. ಹಾಳೆಯ ಮೇಲೆ 1949 ಅಂದರೆ ನಾಲ್ಕು ಅಂಕಿ, ಕಣ್ಣಿಗೆ ಒಂದು ಪದ. ಬಾಯಲ್ಲಿ ಅದು ಹದಿನಾಲ್ಕು ಅಕ್ಷರ, ಹತ್ತಿರ ಹತ್ತಿರ ಮೂರು ಸೆಕೆಂಡು. ಅಂಕಿಗಳು ತುಂಬಿದ ಭಾಷಣ ಲೆಕ್ಕಕ್ಕಿಂತ ಯಾವಾಗಲೂ ಉದ್ದವಾಗುವುದು ಇದರಿಂದಲೇ. ಜೊತೆಗೆ, ಅಂಕಿ ಕಂಡ ಕೂಡಲೇ ಕೆಲವರ ಬಾಯಿಗೆ "ನೈಂಟೀನ್ ಫಾರ್ಟಿ ನೈನ್" ಬಂದುಬಿಡುತ್ತದೆ.

## ಎಲ್ಲಿ ನಿಲ್ಲಬಹುದು, ಎಲ್ಲಿ ನಿಲ್ಲಬಾರದು

ಗೆರೆ ಹಾಕುವುದು ಸುಲಭ. ತಪ್ಪು ಜಾಗಕ್ಕೆ ಹಾಕುವುದು ಇನ್ನೂ ಸುಲಭ. ಕನ್ನಡದಲ್ಲಿ ಕೆಲವು ಜೋಡಿಗಳನ್ನು ಒಡೆಯಲೇಬಾರದು. "ಕಾರ್ಯಪ್ಪನವರ / ಮಗ" ಎಂದು ನಿಂತರೆ ಕೇಳುವವರು "ಕಾರ್ಯಪ್ಪನವರ ಏನು?" ಎಂದು ತೂಗಾಡುತ್ತಾರೆ. "ಸೆರೆಸಿಕ್ಕ / ಪೈಲಟ್" ಎಂಬಲ್ಲಿಯೂ ಹಾಗೆಯೇ. ಯಾರೋ ಹೇಳಿದ ಮಾತನ್ನು ಹೇಳಿ, ನಿಂತು, ಆಮೇಲೆ "ಎಂದರು" ಅಂದರೆ ಆ "ಎಂದರು" ಎಲ್ಲಿಂದಲೋ ಬಿದ್ದ ಹಾಗೆ ಕೇಳಿಸುತ್ತದೆ.

ನಿಲ್ಲಲು ಒಳ್ಳೆಯ ಜಾಗ ಅಂದರೆ ಯಾವುದರ ಬಗ್ಗೆ ಮಾತು ಎಂದು ಹೇಳಿ ಮುಗಿದ ಕಡೆ. "ಅವರು ಹುಟ್ಟಿದ್ದು" ಎಂದು ಹೇಳಿ ಅರ್ಧ ಸೆಕೆಂಡು ನಿಂತರೆ ಎಲ್ಲಿ ಎಂಬ ಪ್ರಶ್ನೆ ಕೇಳುವವರಲ್ಲೇ ಹುಟ್ಟುತ್ತದೆ. ವಾಕ್ಯ ಮುಗಿಸುವ ಕ್ರಿಯಾಪದದ ನಂತರ ಒಂದು ಸೆಕೆಂಡು ಬೇಕೇ ಬೇಕು, ಏಕೆಂದರೆ ನಮ್ಮ ವಾಕ್ಯದ ಅರ್ಥ ಕೂಡಿಕೊಳ್ಳುವುದು ಅಲ್ಲಿಗೆ ಬಂದಾಗ.

ಎರಡು ಸೆಕೆಂಡಿನ ನಿಲುಗಡೆ ಮಾತ್ರ ಜಿಪುಣತನದಿಂದ ಬಳಸಬೇಕಾದದ್ದು. ಸುಬೇದಾರರ ಭಾಷಣದ ಮುಂದಿನ ಭಾಗ 1965ರ ಯುದ್ಧದ ಪ್ರಸಂಗ. ಕಾರ್ಯಪ್ಪನವರ ಮಗ ವಾಯುಪಡೆಯ ಪೈಲಟ್ ಆಗಿದ್ದವರು, ಆ ಯುದ್ಧದಲ್ಲಿ ಪಾಕಿಸ್ತಾನಕ್ಕೆ ಸೆರೆಸಿಕ್ಕರು. ಮಗನೊಬ್ಬನಿಗೆ ಬೇರೆ ಉಪಚಾರ ಬೇಡ ಎಂಬುದು ತಂದೆಯ ನಿಲುವಾಗಿತ್ತು. ಇಲ್ಲಿ ಉದ್ದದ ನಿಲುಗಡೆಯನ್ನು ಎಲ್ಲಿಡಬೇಕು? ಅವರು ತಂದೆಯ ಮಾತು ಮುಗಿದ ಮೇಲೆ ಇಟ್ಟಿದ್ದರು, ಚಪ್ಪಾಳೆಗೆಂದು. ನಾವು ಅದನ್ನು "ಸೆರೆಸಿಕ್ಕರು" ಎಂಬುದರ ಮುಂದಕ್ಕೆ ತಂದೆವು. ಮಗ ಸೆರೆಸಿಕ್ಕಿದ್ದಾನೆ, ಅಪ್ಪ ಸೈನ್ಯವನ್ನೇ ನಡೆಸಿದವರು, ಈಗ ಏನು ಮಾಡಬಹುದು ಎಂದು ಮಕ್ಕಳು ಯೋಚಿಸಬೇಕಾದದ್ದು ಆ ಎರಡು ಸೆಕೆಂಡಿನಲ್ಲಿ. ಚಪ್ಪಾಳೆ ಬರುವುದಾದರೆ ಅದಕ್ಕೆ ಗೆರೆ ಹಾಕಬೇಕಿಲ್ಲ, ತಾನಾಗಿ ಬರುತ್ತದೆ. ಗೆರೆ ಹಾಕಿ ಕಾದು ಬರದಿದ್ದರೆ ಮುಖ ಎಲ್ಲಿಡುವುದು?

"ಅಲ್ಲ ಮಾರಾಯ, ಅಷ್ಟು ಹೊತ್ತು ಸುಮ್ಮನೆ ನಿಂತರೆ ಮುದುಕನಿಗೆ ಮರೆತುಹೋಯ್ತು ಅಂದ್ಕೊಳ್ತಾರೆ" ಎಂಬುದು ಅವರ ತಕರಾರು. ವೇದಿಕೆಯ ಮೇಲೆ ನಿಂತವರಿಗೆ ಎರಡು ಸೆಕೆಂಡು ಹತ್ತು ಸೆಕೆಂಡಿನಂತೆ ಅನ್ನಿಸುವುದು ನಿಜ. ಅದಕ್ಕೇ ಅಂದಾಜಿನ ಮೇಲೆ ಬಿಡಬಾರದು. ಬಾಯಿ ಮುಚ್ಚಿ ಮೂಗಿನಲ್ಲಿ ನಿಧಾನವಾಗಿ ಒಂದು ಉಸಿರು ಎಳೆದುಕೊಂಡರೆ ಹೆಚ್ಚುಕಡಿಮೆ ಅಷ್ಟಾಗುತ್ತದೆ. ಕಣ್ಣು ಕೊನೆಯ ಸಾಲಿನ ಮೇಲಿರಬೇಕು. ಹಾಳೆ ನೋಡುತ್ತ ನಿಂತರೆ ಮಾತ್ರ ಮರೆತಂತೆ ಕಾಣುವುದು. ಡ್ರಿಲ್ಲಿನಲ್ಲಿ ಮನಸ್ಸಲ್ಲೇ ಎಣಿಸಿ ರೂಢಿಯಿದ್ದುದರಿಂದ ಅವರಿಗೆ ಇದು ಎರಡನೇ ಸಲಕ್ಕೇ ಒಗ್ಗಿತು.

## ಹೊತ್ತನ್ನು ಬರೆಯುವ ಬಗೆ

ಮೊದಲ ಭಾಗ 40 ಸೆಕೆಂಡು, ಎರಡನೆಯದು 45, ಮೂರನೆಯದು 70 ಎಂದು ಬಿಡಿಬಿಡಿಯಾಗಿ ಬರೆದರೆ ವೇದಿಕೆಯಲ್ಲಿ ಪ್ರಯೋಜನವಿಲ್ಲ. ಮಾತಾಡುತ್ತ ಕೂಡುವ ಲೆಕ್ಕ ಯಾರಿಗೂ ಬರುವುದಿಲ್ಲ. ಮಡಿಕೇರಿಯಿಂದ ಮೈಸೂರಿಗೆ ಹೊರಟ ಬಸ್ಸಿನ ಡ್ರೈವರ್ ಕುಶಾಲನಗರಕ್ಕೆ ಇಷ್ಟು ಗಂಟೆಗೆ, ಹುಣಸೂರಿಗೆ ಇಷ್ಟು ಗಂಟೆಗೆ ಎಂದು ನೋಡಿಕೊಳ್ಳುವ ಹಾಗೆ, ಶುರುವಿನಿಂದ ಓಡುತ್ತಿರುವ ಹೊತ್ತನ್ನೇ ಅಂಚಿನಲ್ಲಿ ಬರೆಯಬೇಕು. ಸುಬೇದಾರರ ಹಾಳೆಯ ಅಂಚು ಹೀಗಿತ್ತು: 0:00 ವಂದನೆ. 0:40 ಹುಟ್ಟು ಮತ್ತು 1949. 1:25 ಮಗನ ಪ್ರಸಂಗ. 2:35 ತಮ್ಮ ಪಲ್ಟನ್ನಿನ ನೆನಪು. 3:45 ಮಕ್ಕಳಿಗೆ ಎರಡು ಮಾತು. 4:40 ಜೈ ಹಿಂದ್.

ಪ್ರತಿ ಸಾಲಿಗೂ ಹೊತ್ತು ಬರೆಯುವವರಿದ್ದಾರೆ. ಅದು ಬೇಡ. ಗಡಿಯಾರದ ಕಡೆ ನೋಡಲು ಸಿಗುವುದು ಮೂರು ನಾಲ್ಕು ಸಲ ಮಾತ್ರ, ಅದೂ ಉದ್ದದ ನಿಲುಗಡೆಯಲ್ಲಿ. ಇವರ ಹಾಳೆಯಲ್ಲಿ ಎರಡೇ ಹೊತ್ತಿಗೆ ಕೆಂಪು ಸುತ್ತು ಹಾಕಿತ್ತು: 1:25 ಮತ್ತು 3:45. ಮೊದಲನೆಯದು ಹೆಸರುಗಳು ಎಷ್ಟು ಹೊತ್ತು ತಿಂದವು ಎಂದು ತೋರಿಸುತ್ತದೆ, ಎರಡನೆಯದು ಕೊನೆಯ ಭಾಗಕ್ಕೆ ಜಾಗ ಉಳಿದಿದೆಯೇ ಎಂದು.

ಹೊತ್ತು ಮೀರಿದರೆ? ಆಗ ವೇಗ ಹೆಚ್ಚಿಸಬಾರದು, ಗುರುತು ಹಾಕಿಟ್ಟ ಭಾಗ ಬಿಡಬೇಕು. ಮೇಲಿನ ಹಾಳೆಯಲ್ಲಿ ಚೌಕ ಆವರಣದಲ್ಲಿರುವ ಸಾಲು ಅದಕ್ಕೇ. ಅದನ್ನು ಬಿಟ್ಟರೆ ನಾಲ್ಕೂವರೆ ಸೆಕೆಂಡು ಉಳಿಯುತ್ತದೆ, ಹಿಂದುಮುಂದಿನ ಸಾಲು ತಾನಾಗಿ ಕೂಡಿಕೊಳ್ಳುತ್ತದೆ. ಮುಖ್ಯ ಅತಿಥಿ ತಡವಾಗಿ ಬಂದು, ನಿರೂಪಕರು ಕಿವಿಯಲ್ಲಿ "ಸ್ವಲ್ಪ ಬೇಗ ಮುಗಿಸಿ ಸರ್" ಎಂದು ಹೇಳುವುದು ನಮ್ಮಲ್ಲಿ ಅಪರೂಪವೇನಲ್ಲ. ಅಂಥ ದಿನಕ್ಕೆಂದು ಪಲ್ಟನ್ನಿನ ನೆನಪಿನ ಭಾಗಕ್ಕೆಲ್ಲ ಅಂಚಿನಲ್ಲಿ ಉದ್ದ ಗೆರೆ ಎಳೆದು "-70" ಎಂದು ಬರೆದಿತ್ತು. ಅದನ್ನು ಹಾರಿಸಿದರೆ 4:40ರ ಭಾಷಣ 3:30ಕ್ಕೆ ಮುಗಿಯುತ್ತದೆ. ಬಿಡುವ ಭಾಗವನ್ನು ಮನೆಯಲ್ಲೇ ಆರಿಸಿಟ್ಟುಕೊಳ್ಳದಿದ್ದವರು ಯಾವಾಗಲೂ ಕೊನೆಯನ್ನೇ ಬಿಡುತ್ತಾರೆ, ಭಾಷಣ ನಡುರಸ್ತೆಯಲ್ಲಿ ನಿಂತುಬಿಡುತ್ತದೆ.

## ಹಾಳೆ ಹೇಗಿರಬೇಕು

ಒಂದು ಸಾಲಿಗೆ ಒಂದು ಉಸಿರಿನ ಮಾತು. ಸಾಲು ಮುಗಿದಲ್ಲಿ ದನಿ ತಾನಾಗಿ ನಿಲ್ಲುತ್ತದೆ, ಏಕೆಂದರೆ ಕಣ್ಣು ಮುಂದಿನ ಸಾಲಿನ ಶುರುವಿಗೆ ಹೋಗಬೇಕಲ್ಲ. ಹಾಗಾಗಿ ಒಡೆಯಬಾರದ ಜೋಡಿ ಸಾಲಿನ ಕೊನೆಯಲ್ಲಿ ಒಡೆದಿದ್ದರೆ, ಗೆರೆ ಹಾಕದಿದ್ದರೂ ಅಲ್ಲಿ ನಿಂತೇ ನಿಲ್ಲುತ್ತಾರೆ. ಡಿಟಿಪಿ ಮಾಡಿಸುವವರು ಇದನ್ನು ನೋಡಿಕೊಳ್ಳಬೇಕು. ಅಕ್ಷರ ದೊಡ್ಡದು ಮಾಡಿದ ಕೂಡಲೇ ಸಾಲುಗಳು ಬೇರೆ ಬೇರೆ ಕಡೆ ಮುರಿದು, ಹಾಕಿದ್ದ ಶ್ರಮವೆಲ್ಲ ಹಾಳಾಗುತ್ತದೆ.

ಅಕ್ಷರ 18ರ ಅಳತೆ ಇದ್ದರೆ ಅರವತ್ತು ದಾಟಿದ ಕಣ್ಣಿಗೂ ಸಾಕು. ಸಾಲುಗಳ ನಡುವೆ ಒಂದೂವರೆ ಪಟ್ಟು ಅಂತರ ಬೇಕು. ಕನ್ನಡದಲ್ಲಿ ಒತ್ತಕ್ಷರ ಸಾಲಿನ ಕೆಳಗೆ ಇಳಿಯುವುದರಿಂದ, ಅಂತರ ಕಡಿಮೆಯಾದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗಿ ಕಲಸಿಹೋಗುತ್ತದೆ. ಹಾಳೆಯ ಕೆಳಗಿನ ಮೂರನೇ ಒಂದು ಭಾಗ ಖಾಲಿ ಬಿಡಬೇಕು. ಕೊನೆಯ ಸಾಲು ಓದಲು ಗಲ್ಲ ಎದೆಗೆ ತಾಗುವಷ್ಟು ಬಗ್ಗಿದರೆ ಬಾಯಿ ಮೈಕಿನಿಂದ ದೂರವಾಗಿ ದನಿ ಕುಸಿಯುತ್ತದೆ.

ಒಂದೇ ಮಗ್ಗುಲಿಗೆ ಬರೆದು ಪುಟ ಸಂಖ್ಯೆ ಹಾಕಬೇಕು. ಪಿನ್ ಹೊಡೆಯಬಾರದು. ಹಾಳೆ ಮಗುಚುವ ಸದ್ದನ್ನು ಮೈಕ್ ದೊಡ್ಡದು ಮಾಡಿ ಕೇಳಿಸುತ್ತದೆ, ಪಕ್ಕಕ್ಕೆ ಸರಿಸಿದರೆ ಸದ್ದಿಲ್ಲ. ವಾಕ್ಯ ಒಂದು ಪುಟದಲ್ಲಿ ಶುರುವಾಗಿ ಇನ್ನೊಂದರಲ್ಲಿ ಮುಗಿಯುವಂತಿರಬಾರದು.

ಗಣ್ಯರ ಹೆಸರಿನ ಜಾಗವನ್ನು ಮೊದಲೇ ಟೈಪ್ ಮಾಡಿಸಬೇಡಿ, ಏಳು ಖಾಲಿ ಗೆರೆ ಬಿಡಿ. ಬೆಳಿಗ್ಗೆಯವರೆಗೂ ಪಟ್ಟಿ ಬದಲಾಗುತ್ತಿರುತ್ತದೆ. ಕಾರ್ಯಕ್ರಮಕ್ಕೆ ಕಾಲು ಗಂಟೆ ಮೊದಲು ನಿರೂಪಕರ ಕೈಯಿಂದ ಪಡೆದು, ಮನೆಹೆಸರು ಹೇಗೆ ಹೇಳುವುದೆಂದು ಕೇಳಿಕೊಂಡು, ಪೆನ್ನಿನಲ್ಲಿ ದೊಡ್ಡದಾಗಿ ಬರೆದುಕೊಳ್ಳುವುದು ಕ್ಷೇಮ. ಏಳರ ಬದಲು ಹನ್ನೊಂದು ಜನ ಕೂತಿದ್ದರೆ 20 ಸೆಕೆಂಡು ಹೆಚ್ಚು ಹೋಗುತ್ತದೆ, ಯಾವ ಚೌಕ ಆವರಣ ಬಿಡಬೇಕೆಂದು ಆಗಲೇ ತೀರ್ಮಾನಿಸಬಹುದು.

## ಸರಿಯಾಗಿದೆಯೇ ಎಂದು ತಿಳಿಯುವುದು ಹೇಗೆ?

ನಿಂತು, ಹಾಳೆ ಕೈಯಲ್ಲಿ ಹಿಡಿದು, ಫೋನಿನಲ್ಲಿ ದನಿ ಮುದ್ರಿಸಿಕೊಳ್ಳಿ. ಕೇಳುವಾಗ ಹಾಳೆಯ ಹೊತ್ತನ್ನೂ ಫೋನಿನ ಹೊತ್ತನ್ನೂ ಪಕ್ಕಪಕ್ಕ ಇಟ್ಟು ನೋಡಿ. ಸುಬೇದಾರರ ಮುದ್ರಣದಲ್ಲಿ 2:35ಕ್ಕೆ ಬರಬೇಕಾದ ಸಾಲು 2:50ಕ್ಕೆ ಬಂತು. ಹಿಂದಕ್ಕೆ ಹೋಗಿ ನೋಡಿದರೆ 1:25 ಸರಿಯಾಗಿಯೇ ಇತ್ತು, ಅಂದರೆ ಹದಿನೈದು ಸೆಕೆಂಡು ಸೋರಿದ್ದು ಮಗನ ಪ್ರಸಂಗದಲ್ಲಿ. ಕೇಳಿದಾಗ ಗೊತ್ತಾಯಿತು: ಹಾಳೆಯಲ್ಲಿಲ್ಲದ ಎರಡು ವಾಕ್ಯ, ವಿಮಾನದ ಬಗ್ಗೆ, ತಾವಾಗಿ ಸೇರಿಸಿಕೊಂಡಿದ್ದರು. ಚೆನ್ನಾಗಿಯೇ ಇದ್ದವು. ಅವನ್ನು ಹಾಳೆಗೆ ಸೇರಿಸಿ, ಪಲ್ಟನ್ನಿನ ಭಾಗದಿಂದ ಅಷ್ಟೇ ಹೊತ್ತನ್ನು ತೆಗೆದೆವು. ಆಗ 2:35 ಇದ್ದದ್ದು 2:50 ಆಯಿತು, "-70" ಇದ್ದದ್ದು "-55" ಆಯಿತು. ಒಂದು ಕಡೆ ತಿದ್ದಿದರೆ ಅದರ ಮುಂದಿನ ಹೊತ್ತುಗಳನ್ನೂ ತಿದ್ದಬೇಕು, ಹೆಚ್ಚಿನವರು ಮರೆಯುವುದು ಇದನ್ನೇ.

ಇನ್ನೊಂದು ಮಾತು ಆಗಸ್ಟಿನ ಭಾಷಣದವರಿಗೆ. ಸ್ವಾತಂತ್ರ್ಯ ದಿನಾಚರಣೆ ನಮ್ಮಲ್ಲಿ ಮಳೆಗಾಲದ ನಡುವೆ ಬರುತ್ತದೆ. ಚಾವಣಿಯ ಶೀಟಿನ ಮೇಲೆ ಮಳೆ ಸುರಿಯತೊಡಗಿದರೆ ಅರ್ಧ ಸೆಕೆಂಡಿನ ಗೆರೆ ಯಾರಿಗೂ ಕೇಳಿಸದು. ಆ ದಿನಕ್ಕೆ ಒಂದು ಗೆರೆಗಳನ್ನೆಲ್ಲ ಎರಡು ಗೆರೆ ಮಾಡಿ, ಮಾತನ್ನು ಇನ್ನೂ ಐದರಲ್ಲೊಂದು ಪಾಲು ಕಡಿಮೆ ಮಾಡಿದ ಎರಡನೇ ಪ್ರತಿಯೊಂದು ಜೇಬಿನಲ್ಲಿದ್ದರೆ ಒಳ್ಳೆಯದು.